ಪರೀಕ್ಷೆಯಲ್ಲಿ ತಲೆ ಖಾಲಿಯಾದಾಗ

ಪ್ರಶ್ನೆಪತ್ರಿಕೆ ನೋಡಿದ ಕೂಡಲೇ ಅಂಗೈ ಬೆವರುತ್ತೆ, ಓದಿದ್ದೆಲ್ಲ ಮರೆತುಹೋಗುತ್ತೆ. ಇನ್ನೊಂದು ವಾರ ಇದೆ, ಏನು ಮಾಡಲಿ?

ಓದಿದ್ದು ಅಳಿಸಿಹೋಗಿರುವುದಿಲ್ಲ. ಗಾಬರಿಯಾದಾಗ ಗಮನವೆಲ್ಲ ಭಯದ ಕಡೆ ಹರಿದು, ನೆನಪಿಸಿಕೊಳ್ಳುವುದು ಕಷ್ಟವಾಗುತ್ತದೆ. ಅದಕ್ಕೇ ಈ ವಾರ ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಬರೆಯುವುದೇ ಮುಖ್ಯ.

ಉದಾಹರಣೆಗೆ ದ್ಯುತಿಸಂಶ್ಲೇಷಣೆ. ಪುಸ್ತಕ ಮುಚ್ಚಿ, ಗಡಿಯಾರ ಎದುರಿಟ್ಟು 15 ನಿಮಿಷ ಬರೆಯಿರಿ. ತಡವರಿಸಿದರೂ ಪುಸ್ತಕ ತೆರೆಯಬೇಡಿ. ಬೆಳಕು, ಎಲೆ, ಪತ್ರಹರಿತ್ತು ಎಂದು ಹೊಳೆದ ಪದಗಳನ್ನು ಅಂಚಿನಲ್ಲಿ ಗೀಚಿ; ಒಂದು ಪದ ಮತ್ತೊಂದನ್ನು ಎಳೆದು ತರುತ್ತದೆ. ಬಿಟ್ಟುಹೋದದ್ದನ್ನಷ್ಟೇ ಆಮೇಲೆ ಓದಿ, ಎರಡು ದಿನ ಬಿಟ್ಟು ಮತ್ತೆ ಬರೆಯಿರಿ. ಪರೀಕ್ಷೆಯಲ್ಲಿ ಸಿಕ್ಕಿಹಾಕಿಕೊಂಡಾಗಲೂ ಇದನ್ನೇ ಮಾಡಿ: ಉಸಿರನ್ನು ನಿಧಾನವಾಗಿ ಹೊರಬಿಟ್ಟು, ಪದ ಗೀಚಿ. ಬೆವರಿದರೆ ಬೆವರಲಿ, ಕರವಸ್ತ್ರ ಇಟ್ಟುಕೊಳ್ಳಿ. ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡಿ. ಊಟ, ನಿದ್ದೆ ಎರಡೂ ತಪ್ಪುವಷ್ಟು ಭಯವಿದ್ದರೆ ಆಪ್ತಸಮಾಲೋಚಕರನ್ನು ಈಗಲೇ ಕಾಣಿ.