ಎರಡು ಪಾಳಿ ಮೂರಾದಾಗ

ಕಾರವಾರದ ನಮ್ಮ ಐಸ್ ಪ್ಲಾಂಟಿನಲ್ಲಿ ಎರಡು ಪಾಳಿ ಮೂರಾಗುತ್ತಿದೆ. ಮೇಲ್ವಿಚಾರಕನಾಗಿ ಕಾರ್ಮಿಕರಿಗೆ ಏನು ಹೇಳಲಿ?

ಕೂಲಿಯ ಮಾತನ್ನು ಮುಚ್ಚಿಡಬೇಡಿ. ಅದನ್ನು ಬಿಟ್ಟರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಹೀಗೆ ಹೇಳಬಹುದು:

“ಅಣ್ಣಂದಿರೇ, ಸೋಮವಾರದಿಂದ 12 ಗಂಟೆಯ ಪಾಳಿ 8 ಗಂಟೆಯದಾಗುತ್ತದೆ. ಯಂತ್ರ ಈಗಲೂ ಹಗಲಿರುಳು ಓಡುತ್ತದೆ, ಹಾಗಾಗಿ ಐಸ್ ಹೆಚ್ಚುವುದಿಲ್ಲ. ಕಾರಣ, ಐಸ್ ಕಟ್ಟಲು ಬಳಸುವ ಅಮೋನಿಯಾ ಅನಿಲ ಸೋರುವ ಅಪಾಯ. ಬೆಳಗಿನ ಜಾವ ಕಣ್ಣು ಎಳೆಯುವಾಗ ಕಂಪ್ರೆಸರಿನ ಒತ್ತಡ ನೋಡದೆಯೇ ಪುಸ್ತಕದಲ್ಲಿ ಹಿಂದಿನ ಗಂಟೆಯ ಅಂಕಿ ಬರೆದುಬಿಡುತ್ತೇವೆ. ಸೋರಿಕೆ ಗೊತ್ತಾಗುವುದು ಮೂಗಿಗೆ ಹೊಡೆದ ಮೇಲೆ. ಓಟಿ ನಿಲ್ಲುತ್ತದೆ, ನಿಜ. ದುಪ್ಪಟ್ಟು ದರದಲ್ಲಿ 4 ಗಂಟೆಯ ಓಟಿ ಎಂದರೆ 8 ಗಂಟೆಯ ಕೂಲಿ, ಅಷ್ಟು ಕೈತಪ್ಪುತ್ತದೆ. ಅದಕ್ಕೆ ಬದಲಾಗಿ ಮೂಲ ಸಂಬಳ ಎಷ್ಟು ಏರುತ್ತದೆಂದು ಬರಹದಲ್ಲಿ ಕೊಡುತ್ತೇವೆ. ರಾತ್ರಿ 10ಕ್ಕೆ ಬಿಡುವವರಿಗೆ ಅಂಕೋಲೆಯ ಕಡೆಗೆ ವಾಹನವಿರುತ್ತದೆ.”

ಕೊನೆಯ ಎರಡು ಭರವಸೆಗಳನ್ನು ಮಾಲೀಕರು ಒಪ್ಪಿದ್ದರೆ ಮಾತ್ರ ಆಡಿ.