ಅಪೋಸ್ಟಿಲ್‌ಗೆ ಕೊಡುವ ಮೊದಲು ಕಾಗದವನ್ನು ಒಮ್ಮೆ ಓದಿ

"ಅಕ್ಕ, ಇನ್ನೆರಡು ತಿಂಗಳಲ್ಲಿ ಹೆಂಡತಿ, ಮಗು ಕರ್ಕೊಂಡು ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬರ್ತಿದ್ದೀವಿ. ಮೂವರ ಬರ್ತ್ ಸರ್ಟಿಫಿಕೇಟಿಗೂ ಅಪೋಸ್ಟಿಲ್, ಅದೇ ಹೊರದೇಶದಲ್ಲಿ ಕಾಗದ ನಡೆಯೋಕೆ ವಿದೇಶಾಂಗ ಇಲಾಖೆ ಹಾಕೋ ಸ್ಟಿಕರ್, ಬೇಕಂತೆ. ಇಲ್ಲೊಬ್ಬ ಏಜೆಂಟ್ ಜೆರಾಕ್ಸ್ ಕೊಟ್ಟರೆ ಸಾಕು, ವಾರದಲ್ಲಿ ಮಾಡಿಸಿಕೊಡ್ತೀನಿ ಅಂತಿದ್ದಾನೆ. ಕೊಟ್ಟುಬಿಡಲಾ? ಹಾಗೇ ತಿಪಟೂರಿನ ಸೈಟ್ ಮಾರೋದಿದೆ, ನನ್ನ ಪರವಾಗಿ ಸಹಿ ಹಾಕೋಕೆ ತಮ್ಮನಿಗೆ ಅಧಿಕಾರಪತ್ರ, ಅಂದರೆ ಜಿಪಿಎ ಕೊಡಬೇಕು. ಅದಕ್ಕೂ ಅಪೋಸ್ಟಿಲ್ ಬೇಕಾ?"

ಜೆರಾಕ್ಸ್ ಕೊಡಬೇಡಿ. ನಾನು ಕೊಟ್ಟು ಆರು ತಿಂಗಳು ಒದ್ದಾಡಿದ್ದೇನೆ, ಅದನ್ನೇ ಹೇಳುತ್ತೇನೆ.

ನಾನು ಹುಟ್ಟಿದ್ದು 1987ರಲ್ಲಿ, ಅರಸೀಕೆರೆಯಲ್ಲಿ. ನಮ್ಮಪ್ಪ ನನ್ನ ಬರ್ತ್ ಸರ್ಟಿಫಿಕೇಟನ್ನು ಹಾಳಾಗಬಾರದು ಅಂತ ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದರು. ಕೈಬರಹದ್ದು, ಪೂರ್ತಿ ಕನ್ನಡದಲ್ಲಿ. ಲ್ಯಾಮಿನೇಟ್ ಆದ ಕಾಗದದ ಮೇಲೆ ಸೀಲು ಒತ್ತೋಕೂ ಆಗಲ್ಲ, ಸ್ಟಿಕರ್ ಅಂಟಿಸೋಕೂ ಆಗಲ್ಲ. ಏಜೆಂಟ್ ಏನು ಮಾಡಿದ ಅಂದರೆ ಅದರ ಜೆರಾಕ್ಸ್ ತೆಗೆದು, ನೋಟರಿ ಹತ್ತಿರ 'ಮೂಲಕ್ಕೆ ಸರಿಯಿದೆ' ಅಂತ ಸೀಲು ಹಾಕಿಸಿ, ಅದರ ಮೇಲೆ ಇನ್ನೊಬ್ಬ ಅಧಿಕಾರಿಯ ಸಹಿ ಮಾಡಿಸಿ, ಕೊನೆಗೆ ಆ ಜೆರಾಕ್ಸಿನ ಹಿಂಬದಿಗೆ ಅಪೋಸ್ಟಿಲ್ ಸ್ಟಿಕರ್ ಹಾಕಿಸಿಕೊಂಡು ಬಂದ. ಸ್ಟಿಕರ್ ಅಸಲಿಯೇ. ನಂಬರ್ ಹಾಕಿ ವಿದೇಶಾಂಗ ಇಲಾಖೆಯ ವೆಬ್‌ಸೈಟಲ್ಲಿ ನೋಡಿದರೆ ಬರುತ್ತಿತ್ತು. ನಾನು ನಿಶ್ಚಿಂತೆಯಿಂದ ವಿಮಾನ ಹತ್ತಿದೆ.

ಇಲ್ಲಿಯ ನಗರಸಭೆಯ ಕೌಂಟರಿನಲ್ಲಿದ್ದ ಹೆಂಗಸು ಮುಂಬದಿ ಎರಡು ಸೆಕೆಂಡ್ ನೋಡಿ, ಕಾಗದ ತಿರುಗಿಸಿ, ಸ್ಟಿಕರಿನ ಮೇಲೆ ಬೆರಳಿಟ್ಟರು. ಅಪೋಸ್ಟಿಲ್ ಅಂದರೆ ಯಾವ ದೇಶದ್ದಾದರೂ ಒಂದೇ ನಮೂನೆ, ನಂಬರ್ ಹಾಕಿದ ಹತ್ತು ಸಾಲು. ಮೊದಲನೇ ಸಾಲಲ್ಲಿ ದೇಶ. ಎರಡನೇದರಲ್ಲಿ ಈ ಕಾಗದಕ್ಕೆ ಸಹಿ ಹಾಕಿದವರು ಯಾರು ಅಂತ, ಮೂರನೇದರಲ್ಲಿ ಅವರ ಹುದ್ದೆ, ನಾಲ್ಕನೇದರಲ್ಲಿ ಯಾರ ಸೀಲು ಅಂತ ಇರುತ್ತದೆ. ಅವರ ಬೆರಳಿದ್ದದ್ದು ಎರಡು ಮತ್ತು ಮೂರನೇ ಸಾಲಿನ ಮೇಲೆ. "ಇವರಿಗೂ ನಿಮ್ಮ ಹುಟ್ಟಿಗೂ ಏನು ಸಂಬಂಧ? ಜನನ ದಾಖಲೆ ಕೊಟ್ಟ ಅಧಿಕಾರಿಯ ಸಹಿ ಎಲ್ಲಿ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದೊಂದು ಅರ್ಥ ಆದರೆ ಉಳಿದಿದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ. ಅಪೋಸ್ಟಿಲ್ ನಿಮ್ಮ ಕಾಗದದಲ್ಲಿ ಬರೆದಿರೋದು ನಿಜ ಅಂತ ಹೇಳೋದಿಲ್ಲ. ಅದರ ಮೇಲಿರೋ ಒಂದು ಸಹಿ, ಒಂದು ಸೀಲು ಅಸಲಿ ಅಂತ ಹೇಳುತ್ತದೆ, ಅಷ್ಟೇ. ಜೆರಾಕ್ಸಿಗೆ ನೋಟರಿ ಮಾಡಿಸಿ ತಂದರೆ ಅದು ಹೇಳೋದು ಆ ಜೆರಾಕ್ಸಿನ ಮೇಲಿನ ಸಹಿಗಳ ಬಗ್ಗೆ ಮಾತ್ರ, ನಿಮ್ಮ ಹುಟ್ಟಿನ ಬಗ್ಗೆ ಅಲ್ಲ. ತಪ್ಪು ಹೆಸರಿರೋ ಸರ್ಟಿಫಿಕೇಟಿಗೂ ಅಪೋಸ್ಟಿಲ್ ಸಲೀಸಾಗಿ ಸಿಗುತ್ತದೆ, ಯಾರೂ ತಡೆಯೋದಿಲ್ಲ. ಆ ತಪ್ಪು ಕಾಣಿಸೋದು ಇಲ್ಲಿಯ ಕೌಂಟರಿನಲ್ಲೇ.

ನನಗೂ ಆಮೇಲೆ ಕಾಣಿಸಿದ್ದು ಅದೇ. ನಮ್ಮಣ್ಣ ತಾಲೂಕು ಕಚೇರಿಗೆ ಹೋಗಿ, ಹಳೇ ಸರ್ಟಿಫಿಕೇಟಿನಲ್ಲಿದ್ದ ನೋಂದಣಿ ಸಂಖ್ಯೆ, ವರ್ಷ ಕೊಟ್ಟು ಹೊಸ ಪ್ರತಿಗೆ ಅರ್ಜಿ ಹಾಕಿದ. (ಆ ಎರಡು ಇದ್ದರೆ ರಿಜಿಸ್ಟರ್ ಹುಡುಕೋದು ಸುಲಭ, ಇಲ್ಲದಿದ್ದರೆ ತಿಂಗಳುಗಟ್ಟಲೆ ಅಲೆದಾಟ.) ಕಂಪ್ಯೂಟರ್ ಪ್ರತಿ ಬಂತು, ಕನ್ನಡ ಇಂಗ್ಲಿಷ್ ಎರಡೂ ಇರೋದು. ಓದಿ ನೋಡಿದರೆ ಅಮ್ಮನ ಹೆಸರು ಜಯಮ್ಮ ಅಂತಿದೆ. ನನ್ನ ಪಾಸ್‌ಪೋರ್ಟಿನ ಕೊನೇ ಪುಟದಲ್ಲಿ, ಮದುವೆ ಸರ್ಟಿಫಿಕೇಟಿನಲ್ಲಿ ಎಲ್ಲ ಕಡೆ ಜಯಲಕ್ಷ್ಮಮ್ಮ. ಮನೆಯಲ್ಲಿ ಕರೆಯೋ ಹೆಸರನ್ನೇ ಆವತ್ತು ಆಸ್ಪತ್ರೆಯಲ್ಲಿ ಬರೆಸಿದ್ದಾರೆ. ಮೂವತ್ತು ವರ್ಷ ಆ ಕಾಗದ ಮನೆಯಲ್ಲಿತ್ತು, ನಾವ್ಯಾರೂ ಓದಿರಲಿಲ್ಲ.

ಹೀಗಾದಾಗ ತಿದ್ದುಪಡಿ ಮಾಡಿಸಬಹುದು, 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ. ಮೂಲ ಬರಹವನ್ನು ಅಳಿಸೋದಿಲ್ಲ, ಹೊಡೆದುಹಾಕೋದಿಲ್ಲ. ರಿಜಿಸ್ಟರಿನ ಅಂಚಿನಲ್ಲಿ ಷರಾ ಬರೆದು, ತಾರೀಕು ಹಾಕಿ, ರಿಜಿಸ್ಟ್ರಾರ್ ಸಹಿ ಮಾಡುತ್ತಾರೆ. ಸುಮ್ನೆ ಅಕ್ಷರ ತಪ್ಪಾಗಿದ್ದರೆ ಬೇಗ ಆಗುತ್ತದೆ. ನಮ್ಮಂಥ ಬದಲಾವಣೆಗೆ, ವಿಷಯ ಗೊತ್ತಿರೋ ಇಬ್ಬರು ನಂಬಿಕಸ್ತರ ಹೇಳಿಕೆ ಬೇಕು. ಅಮ್ಮನ ಶಾಲೆ ದಾಖಲೆ, ಆಧಾರ್, ಅಫಿಡವಿಟ್, ನಮ್ಮ ಬೀದಿಯ ಇಬ್ಬರು ಹಿರಿಯರ ಹೇಳಿಕೆ, ಇಷ್ಟಾಗೋ ಹೊತ್ತಿಗೆ ಎರಡು ತಿಂಗಳಾಯಿತು. ಕೆಲವು ಕಡೆ ಕೋರ್ಟ್ ಆದೇಶ ತನ್ನಿ ಅಂತಾರೆ, ಆಗ ಇನ್ನೂ ಜಾಸ್ತಿ ದಿನ. ನೀವಿನ್ನೂ ಊರಲ್ಲೇ ಇದ್ದೀರಿ, ಈ ಕೆಲಸ ಈಗಲೇ ಮುಗಿಸಿಕೊಳ್ಳಿ. ಇಲ್ಲಿ ಕೂತು ಮಾಡಿಸೋದು ಎಷ್ಟು ಕಷ್ಟ ಅಂತ ಅಣ್ಣನ ಮುಖ ನೋಡಿದಾಗಲೆಲ್ಲ ನನಗೆ ನೆನಪಾಗುತ್ತದೆ.

ಹಾಗಾಗಿ ಇವತ್ತು ರಾತ್ರಿ ಮೂರು ಸರ್ಟಿಫಿಕೇಟ್, ಮೂರು ಪಾಸ್‌ಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ಅಕ್ಷರ ಅಕ್ಷರ ಓದಿ. ನಮ್ಮ ಕಡೆಯವರಿಗೆ ಬರೋ ತೊಂದರೆ ಎರಡೇ ಬಗೆ. ಒಂದು, ಕೊನೇ 'ಎ' ಅಕ್ಷರ: ಮಂಜುನಾಥ್ ಮತ್ತು ಮಂಜುನಾಥ ನಮಗೆ ಒಂದೇ, ಇಲ್ಲಿಯವರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಇನ್ನೊಂದು ಇನಿಷಿಯಲ್. ಬರ್ತ್ ಸರ್ಟಿಫಿಕೇಟಿನಲ್ಲಿ ಬರೀ ಹೆಸರು ಇರುತ್ತದೆ, ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರನ್ನು ಸರ್‌ನೇಮ್ ಮಾಡಿರುತ್ತೇವೆ. ಇದಕ್ಕೆ ತಿದ್ದುಪಡಿ ಬೇಕಾ, ಇಲ್ಲ ಅಫಿಡವಿಟ್ ಸಾಕಾ ಅಂತ ನಗರಸಭೆಗೆ ಈಗಲೇ ಈಮೇಲ್ ಹಾಕಿ ಕೇಳಿ, ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಮಗುವಿನ ಸರ್ಟಿಫಿಕೇಟಲ್ಲಿ ಹೆಸರಿನ ಜಾಗ ಖಾಲಿ ಇದೆಯಾ ಅಂತಲೂ ನೋಡಿ. ನಾಮಕರಣಕ್ಕೆ ಮೊದಲೇ ತೆಗೆಸಿದ ಪ್ರತಿಯಲ್ಲಿ ಹಾಗೇ ಇರುತ್ತದೆ. ನೋಂದಣಿ ಆದ 12 ತಿಂಗಳೊಳಗೆ ಹೆಸರು ಸೇರಿಸೋಕೆ ಶುಲ್ಕ ಇಲ್ಲ, ಆಮೇಲೆ 15 ವರ್ಷದವರೆಗೂ ಸ್ವಲ್ಪ ತಡದ ಶುಲ್ಕ ಕಟ್ಟಿ ಸೇರಿಸಬಹುದು.

ಭಾಷೆ ವಿಷಯ. ಇಂಗ್ಲಿಷ್ ಇರೋ ಸರ್ಟಿಫಿಕೇಟಿಗೆ ಇಲ್ಲಿ ಅನುವಾದ ಕೇಳೋದಿಲ್ಲ. ಬರೀ ಕನ್ನಡದ್ದಾದರೆ ಪ್ರಮಾಣವಚನ ಪಡೆದ ಅನುವಾದಕರೇ ಮಾಡಬೇಕು, ಕನ್ನಡಕ್ಕೆ ಅಂಥವರನ್ನು ಹುಡುಕೋದೇ ಕಷ್ಟ. ಭಾರತದಲ್ಲೇ ಅನುವಾದ ಮಾಡಿಸಿದರೆ ಆ ಅನುವಾದಕ್ಕೂ ಬೇರೆ ಅಪೋಸ್ಟಿಲ್ ಬೇಕಾಗುತ್ತದೆ. ಎರಡು ಭಾಷೆಯ ಹೊಸ ಪ್ರತಿ ತೆಗೆಸೋದೇ ವಾಸಿ. ತೆಗೆಸುವಾಗ ರಿಜಿಸ್ಟ್ರಾರ್ ಅವರ ಇಂಕಿನ ಸಹಿ, ದುಂಡು ಸೀಲು ಹಾಕಿಸಿಕೊಳ್ಳಿ, ಒಬ್ಬೊಬ್ಬರದೂ ಎರಡೆರಡು ಪ್ರತಿ ತಗೊಳ್ಳಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ.

ಆಮೇಲಿನ ದಾರಿ ನೇರ. ಮೊದಲು ರಾಜ್ಯ ಸರ್ಕಾರದ ಗೃಹ ಇಲಾಖೆ, ಅವರು ನಿಮ್ಮ ರಿಜಿಸ್ಟ್ರಾರ್ ಸಹಿಯನ್ನು ದೃಢೀಕರಿಸುತ್ತಾರೆ. ಅದಾದ ಮೇಲೆ ವಿದೇಶಾಂಗ ಇಲಾಖೆ. ಅವರು ಜನರಿಂದ ನೇರವಾಗಿ ತಗೊಳ್ಳೋದಿಲ್ಲ, ಇಲಾಖೆಯೇ ನೇಮಿಸಿದ ಏಜೆನ್ಸಿಗಳ ಮೂಲಕ ಕೊಡಬೇಕು, ಬೆಂಗಳೂರಿನಲ್ಲೇ ಆಗುತ್ತದೆ. ಅಪೋಸ್ಟಿಲ್‌ನ ಸರ್ಕಾರಿ ಶುಲ್ಕ ಒಂದು ಕಾಗದಕ್ಕೆ ಬರೀ 50 ರೂಪಾಯಿ, ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಏಜೆಂಟ್ ಸಾವಿರಗಟ್ಟಲೆ ಕೇಳಿದರೆ ಅದು ಅವನ ಓಡಾಟದ ದುಡ್ಡು. ಓಡಾಟಕ್ಕೆ ಕೊಡೋದು ತಪ್ಪಲ್ಲ. ಆದರೆ ಕೊಡೋ ಮುಂಚೆ ಎರಡು ಮಾತು ಕೇಳಿ: ಒರಿಜಿನಲ್ ಮೇಲೇ ಸ್ಟಿಕರ್ ಹಾಕಿಸ್ತೀಯಾ? ಗೃಹ ಇಲಾಖೆಯಿಂದಲೇ ಹೋಗ್ತೀಯಾ? ತಡವರಿಸಿದರೆ ಬೇರೆಯವರನ್ನು ನೋಡಿ. ಕಾಗದ ಕೈಗೆ ಬಂದ ತಕ್ಷಣ ಹಿಂಬದಿ ತಿರುಗಿಸಿ, ಎರಡನೇ ಸಾಲಿನ ಹೆಸರು ನಿಮ್ಮ ಕಾಗದದ ಮೇಲಿರೋ ಯಾವ ಸಹಿಯದು ಅಂತ ಹೋಲಿಸಿ. ಅದು ರಿಜಿಸ್ಟ್ರಾರ್ ಅವರದ್ದೋ, ಅವರನ್ನು ದೃಢೀಕರಿಸಿದ ರಾಜ್ಯದ ಅಧಿಕಾರಿಯದ್ದೋ ಆಗಿರಬೇಕು.

ನಿಮ್ಮ ಸ್ನೇಹಿತರು ಯಾರಾದರೂ ಜರ್ಮನಿಗೆ ಹೊರಟಿದ್ದರೆ ಈ ಉತ್ತರ ಅವರಿಗೆ ಕಳಿಸಬೇಡಿ. ಭಾರತಕ್ಕೆ ಅಪೋಸ್ಟಿಲ್ ಒಪ್ಪಂದ 2005ರ ಜುಲೈನಿಂದ ಜಾರಿಯಲ್ಲಿದ್ದರೂ ಜರ್ಮನಿ ನಮ್ಮ ಸೇರ್ಪಡೆಗೆ ಆಕ್ಷೇಪ ಹಾಕಿದ ದೇಶ, ಅಲ್ಲಿ ನಮ್ಮ ಸ್ಟಿಕರ್ ನಡೆಯೋದಿಲ್ಲ. ಅಲ್ಲಿಯ ಕಚೇರಿಯವರೇ ಕಾಗದವನ್ನು ಭಾರತದಲ್ಲಿರೋ ತಮ್ಮ ರಾಯಭಾರ ಕಚೇರಿ ಮೂಲಕ ಪರಿಶೀಲನೆಗೆ ಕಳಿಸುತ್ತಾರೆ. ದುಬೈ ಕಡೆಯದು ಇನ್ನೊಂದು ಥರ, ಯುಎಇ ಆ ಒಪ್ಪಂದದಲ್ಲೇ ಇಲ್ಲ, ಅಲ್ಲಿಗೆ ರಾಯಭಾರ ಕಚೇರಿಯ ಅಟೆಸ್ಟೇಷನ್ ಬೇಕು.

ಇನ್ನು ಜಿಪಿಎ. ಅದು ಹೋಗಬೇಕಾದ್ದು ತಿಪಟೂರಿನ ಸಬ್‌ರಿಜಿಸ್ಟ್ರಾರ್ ಹತ್ತಿರ, ನೆದರ್ಲೆಂಡ್ಸಿಗಲ್ಲ. ನೀವು ಭಾರತದಲ್ಲಿದ್ದಾಗಲೇ ಮಾಡಿಸಿದರೆ ಅಪೋಸ್ಟಿಲ್ ಮಾತೇ ಇಲ್ಲ. ಹೊರಡೋ ಮುಂಚೆ ನೀವು, ತಮ್ಮ ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಿಬಿಡಿ. ಸೈಟ್ ನಂಬರ್, ಚಕ್ಕುಬಂದಿ, ಕ್ರಯಪತ್ರಕ್ಕೆ ಸಹಿ ಹಾಕೋ ಅಧಿಕಾರ, ಹಣ ಯಾವ ಖಾತೆಗೆ ಬರಬೇಕು, ಎಲ್ಲ ಬಿಡಿಸಿ ಬರೆಸಿ. ಸೈಟ್ ನಿಮ್ಮ ಹೆಂಡತಿಯ ಹೆಸರಲ್ಲೂ ಇದ್ದರೆ ಅವರೂ ಸಹಿ ಹಾಕಬೇಕು.

ಬಂದ ಮೇಲೆ ಮಾಡಿಸೋದಾದರೆ ಎರಡು ದಾರಿ ಇದೆ. ದಿ ಹೇಗ್‌ನಲ್ಲಿರೋ ನಮ್ಮ ರಾಯಭಾರ ಕಚೇರಿಗೆ ಹೋಗಿ ಅಧಿಕಾರಿಯ ಮುಂದೆ ಸಹಿ ಹಾಕೋದು ಒಂದು. ಇಲ್ಲಿಯ ನೋಟರಿ ಮುಂದೆ ಸಹಿ ಹಾಕಿ, ಆ ನೋಟರಿ ಸಹಿಗೆ ಇಲ್ಲಿಯ ಜಿಲ್ಲಾ ಕೋರ್ಟಿನಿಂದ ಅಪೋಸ್ಟಿಲ್ ಹಾಕಿಸೋದು ಇನ್ನೊಂದು. ಮೊದಲನೇದು ಸಬ್‌ರಿಜಿಸ್ಟ್ರಾರ್‌ಗೆ ನೋಡಿ ಪರಿಚಯ ಇರೋ ಸೀಲು, ಪ್ರಶ್ನೆ ಕಮ್ಮಿ ಬರುತ್ತದೆ. ಯಾವುದೇ ಆಗಲಿ, ಕಾಗದ ಕರ್ನಾಟಕಕ್ಕೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ನಮ್ಮ ಚಿಕ್ಕಪ್ಪನ ಮಗ ಕಳಿಸಿದ ಜಿಪಿಎ ಬೀರುವಿನಲ್ಲೇ ಕೂತು ಅವಧಿ ದಾಟಿಹೋಯಿತು, ಅವನು ಮತ್ತೆ ರಜೆ ಹಾಕಿ ಹೇಗ್‌ಗೆ ಹೋಗಬೇಕಾಯಿತು. ಕೊರಿಯರ್ ಕವರ್ ಬಿಸಾಕಬೇಡಿ ಅಂತ ತಮ್ಮನಿಗೆ ಹೇಳಿ, ಯಾವತ್ತು ತಲುಪಿತು ಅನ್ನೋದಕ್ಕೆ ಅದೇ ದಾಖಲೆ.

ಮೂರೂ ಸರ್ಟಿಫಿಕೇಟ್ ಓದಿದ ಮೇಲೆ ಎಲ್ಲಿ ಹೊಂದುತ್ತಿಲ್ಲ ಅಂತ ಇಲ್ಲೇ ಬರೆಯಿರಿ. ಯಾವುದಕ್ಕೆ ತಿದ್ದುಪಡಿ ಬೇಕಾಗಬಹುದು ಅಂತ ಸೇರಿ ನೋಡೋಣ.