ರಾತ್ರಿ ಏಳೂವರೆಯ ಕಾಲ್

ಸಲಹೆ ಕೇಳಿ ಬಂದವರ ಹೆಸರು, ಊರು ಬದಲಿಸಿ ಬರೆಯುತ್ತಿದ್ದೇನೆ. ಸುಮಾ ಅಂತಿರಲಿ. ಬದಿಯಡ್ಕದ ಹತ್ತಿರದ ಅಡಿಕೆ ತೋಟದ ಮನೆಯಿಂದಲೇ ಕೆಲಸ. ತಂಡದಲ್ಲಿ ಅವರನ್ನು ಬಿಟ್ಟು ಒಂಬತ್ತು ಜನ, ಬೆಂಗಳೂರಿನ ಐವರು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗುತ್ತಾರೆ, ಇಬ್ಬರು ಬರ್ಲಿನ್, ಇಬ್ಬರು ಶಿಕಾಗೋ.

"ಅಕ್ಕಾ, ದಿನಾ ಏಳೂವರೆಯಿಂದ ಹನ್ನೊಂದೂವರೆವರೆಗೆ ಕಾಲ್‌ನಲ್ಲೇ ಇರ್ತೇನೆ. ಮಗ ಅತ್ತೆಯ ಹತ್ತಿರವೇ ಮಲಗ್ತಾನೆ. ಆದ್ರೂ ಕೆಲಸ ಮುಂದೆ ಹೋಗ್ತಿಲ್ಲ" ಅಂದರು.

ಮೊದಲು ಗಡಿಯಾರ ನೋಡಿದೆವು. ಆಗ ಜೂನ್. ಶಿಕಾಗೋದ ಬೆಳಗ್ಗೆ 9 ಅಂದ್ರೆ ನಮಗೆ ಸಂಜೆ 7:30, ಬರ್ಲಿನ್‌ನ ಸಂಜೆ 5 ಅಂದ್ರೆ ನಮಗೆ 8:30. ಮೂರೂ ಕಡೆಯವರು ಒಟ್ಟಿಗೆ ಸಿಗುವುದು ಒಂದೇ ಗಂಟೆ. ಉಳಿದ ಮೂರು ಗಂಟೆ ಏನಾಗುತ್ತಿತ್ತು? ಹಗಲಲ್ಲಿ ಬರೆದು ಮುಗಿಸಬಹುದಾಗಿದ್ದ ಪ್ರಶ್ನೆಗಳನ್ನು ಸುಮಾ ಒಬ್ಬೊಬ್ಬರಿಗೂ ಬಾಯಲ್ಲಿ ದಾಟಿಸುತ್ತಿದ್ದರು.

ಅವರ ಚಾಟ್ ತೆರೆಸಿದೆ. ಬೆಂಗಳೂರಿನ ಹುಡುಗ ಬೆಳಗ್ಗೆ 11ಕ್ಕೆ ಶಿಕಾಗೋದವರಿಗೆ "ಹಾಯ್, ಇದ್ದೀರಾ?" ಅಂತ ಹಾಕಿದ್ದಾನೆ. ಅಲ್ಲಿ ರಾತ್ರಿ 12:30. ಅವರು ಬೆಳಗ್ಗೆ ಎದ್ದು "ಹೇಳಿ" ಅನ್ನುವಾಗ ಇವನು ಮನೆಗೆ ಹೊರಟಿದ್ದಾನೆ, ಮರುದಿನ ವಿಷಯ ಬರೆದಿದ್ದಾನೆ, ಉತ್ತರ ಬಂದದ್ದು ಆ ಸಂಜೆ. ಒಂದು ಸಣ್ಣ ಸಂದೇಹಕ್ಕೆ ಎರಡು ದಿನ! ಇಲ್ಲಿ ಯಾರೂ ಸೋಮಾರಿಯಲ್ಲ.

ಅದೇ ಪ್ರಶ್ನೆಯನ್ನು ಇಬ್ಬರೂ ಕೂತು ಹೀಗೆ ತಿದ್ದಿದೆವು: "ಬಿಲ್ಲಿಂಗ್ ಪುಟ ಪರೀಕ್ಷಿಸಿದೆ, ಎರಡು ದೋಷ ಉಳಿದಿವೆ. ಎರಡನೆಯದಕ್ಕೆ ಸರ್ವರ್ ಲಾಗ್ ಬೇಕು, ನನಗೆ ಅನುಮತಿ ಇಲ್ಲ. ಗುರುವಾರ ನಿಮ್ಮ ಮಧ್ಯಾಹ್ನ 12ರೊಳಗೆ ಹಾಕಿ. ಸಿಗದಿದ್ದರೆ ಶುಕ್ರವಾರ ಮೊದಲನೆಯದನ್ನು ಸರಿಮಾಡುತ್ತೇನೆ." ಆ ಕೊನೆಯ ವಾಕ್ಯ ಬಿಡಬೇಡಿ ಅಂತ ಒತ್ತಿ ಹೇಳಿದೆ, ಯಾಕೆಂದರೆ ಉತ್ತರ ತಡವಾದರೂ ಕೈ ಕಟ್ಟಿ ಕೂರಬೇಕಾಗಿಲ್ಲ. "ನಾಳೆ ಬೆಳಗ್ಗೆ" ಅಂತಲೂ ಬರೆಯಬಾರದು, ಯಾರ ಬೆಳಗ್ಗೆ ಅಂತ ಗೊತ್ತಾಗುವುದಿಲ್ಲ.

ಒಟ್ಟಿಗೆ ಸಿಗುವ ಗಂಟೆಯನ್ನು ಮಂಗಳವಾರ, ಗುರುವಾರ ಮಾತ್ರ ಇಟ್ಟುಕೊಳ್ಳಿ ಅಂದೆ. ಬರಹದಲ್ಲಿ ಬಗೆಹರಿಯದ ಭಿನ್ನಾಭಿಪ್ರಾಯಕ್ಕೆ ಮಾತ್ರ ಅದು. ಬೆಂಗಳೂರಿನವರೂ ಒಂದೇ ಕೋಣೆಯಲ್ಲಿ ಗುಂಪಾಗಿ ಕೂರದೆ ತಮ್ಮ ತಮ್ಮ ಲ್ಯಾಪ್‌ಟಾಪಿನಿಂದ ಸೇರಲಿ, ಇಲ್ಲದಿದ್ದರೆ ಅವರವರೇ ಮಾತಾಡಿಕೊಳ್ಳುತ್ತಾರೆ. ಚಹಾದ ಹೊತ್ತಿಗೆ ಆದ ತೀರ್ಮಾನವೂ ಅದೇ ದಿನ ಬರಹಕ್ಕೆ ಬರಬೇಕು: ಏನು, ಯಾಕೆ, ಯಾರು ಮಾಡುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋಗಿ ಸುಮಾ ಕಾಲ್‌ನಿಂದ ಬಿದ್ದುಹೋದರೂ ಆ ಬರಹ ಇರುತ್ತದಲ್ವಾ.

ಆರು ವಾರದ ಮೇಲೆ ಬಂದರು. ವಾರದಲ್ಲಿ ಮೂರು ರಾತ್ರಿ ಕಾಲ್ ಇಲ್ಲ. ಬರ್ಲಿನ್‌ನ ಒಬ್ಬರಿಗೆ ಮಾತ್ರ ಬರೆಯುವುದು ಇಂದಿಗೂ ಕಷ್ಟ, ಅವರ ಜೊತೆ ಮಧ್ಯಾಹ್ನ ಎರಡಕ್ಕೆ ಹದಿನೈದು ನಿಮಿಷ ಮಾತಾಡಿ ಸುಮಾನೇ ಬರೆದು ಹಾಕುತ್ತಾರೆ. ನವೆಂಬರ್‌ನ ಮೊದಲ ಭಾನುವಾರ ಶಿಕಾಗೋದ ಗಡಿಯಾರ ಹಿಂದೆ ಹೋಗುತ್ತದೆ, ಬರ್ಲಿನ್‌ದು ಅದಕ್ಕೂ ಒಂದು ವಾರ ಮೊದಲೇ. ಆಮೇಲೆ ಏಳೂವರೆಯ ಕಾಲ್ ಎಂಟೂವರೆಗೆ ಜಾರುತ್ತದೆ. ಆ ಚಳಿಗಾಲಕ್ಕೆ ಒಂದು ದಿನವನ್ನಾದರೂ ಬಿಡಬಹುದೇ ಅಂತ ತಂಡವನ್ನು ಈಗಲೇ ಕೇಳಿ ಅಂದಿದ್ದೇನೆ.